ಬೇಲಿ ಪಕ್ಕದ ಉರುಳು: ದಯವಿಟ್ಟು ಯಾರೂ ಮುಟ್ಟಬೇಡಿ

ಗಾಯತ್ರಿ, 3ನೇ ಅಡ್ಡರಸ್ತೆ (ಭಾನುವಾರ, ಬೆಳಿಗ್ಗೆ 8.10)
ಎಲ್ಲರಿಗೂ ನಮಸ್ಕಾರ. ಇಂದು ಬೆಳಿಗ್ಗೆ ಬೆಟ್ಟದ ಕಡೆಯ ಬೇಲಿಯ ಪಕ್ಕದಲ್ಲಿ ನಡೆಯುತ್ತಿದ್ದಾಗ ನಮ್ಮ ನಾಯಿ ಇದ್ದಕ್ಕಿದ್ದಂತೆ ಕಿರುಚಿತು. ಹತ್ತಿರ ಹೋಗಿ ನೋಡಿದರೆ ಅದರ ಮುಂಗಾಲು ಒಂದು ತಂತಿಯ ಕುಣಿಕೆಯಲ್ಲಿ ಸಿಕ್ಕಿಕೊಂಡಿತ್ತು. ಅದು ಬೈಕಿನ ಕ್ಲಚ್ ವೈರ್. ತುದಿಯಲ್ಲಿ ಇರುವ ಸಣ್ಣ ಗುಂಡು ಕೂಡ ಹಾಗೆಯೇ ಇತ್ತು. ಎರಡೂ ಪಕ್ಕದಲ್ಲಿ ಜಾಲಿಯ ಮುಳ್ಳುಕೊಂಬೆ ಒಡ್ಡಿ, ಬರುವ ಪ್ರಾಣಿ ನಡುವಿನ ಸಂದಿನಲ್ಲೇ ನುಗ್ಗಬೇಕು ಎಂಬಂತೆ ದಾರಿ ಮಾಡಿದ್ದರು. ಅಲ್ಲೇ ಹುಡುಕಿದಾಗ ಇನ್ನೆರಡು ಕಂಡವು. ಎರಡನ್ನು ಕತ್ತರಿಸಿ ಮನೆಗೆ ತಂದಿದ್ದೇನೆ. ಮೂರನೆಯದು ಬೇಲಿಯ ಕೆಳಗೆ ಬಿಗಿಯಾಗಿದ್ದುದರಿಂದ ಬಿಚ್ಚಲಾಗಲಿಲ್ಲ. ಮುಂದೇನು ಮಾಡಬೇಕೆಂದು ತಿಳಿದವರು ಹೇಳಿ.

ಸುಶೀಲಮ್ಮ, 1ನೇ ಅಡ್ಡರಸ್ತೆ (8.25)
ಮತ್ತೆ ಚಿರತೆ ಬಂದಿದೆಯೇ ತಾಯಿ? ಹೋದ ತಿಂಗಳೂ ನಮ್ಮ ಕಾಂಪೌಂಡಿನ ಹತ್ತಿರ ಹೆಜ್ಜೆ ಕಂಡಿತ್ತು. ಅರಣ್ಯ ಇಲಾಖೆಯವರಿಗೆ ಹೇಳಿ ಬೋನು ಇಡಿಸಬೇಕು. ಮೊಮ್ಮಕ್ಕಳನ್ನು ಸಂಜೆ ಹೊರಗೆ ಬಿಡಲು ಭಯವಾಗುತ್ತದೆ.

ರಾಘವೇಂದ್ರ, ಸಂಘದ ಕಾರ್ಯದರ್ಶಿ (8.40)
ಸುಶೀಲಮ್ಮನವರೇ, ಇದು ಚಿರತೆ ಬಂದ ಸುದ್ದಿಯಲ್ಲ, ಯಾರೋ ಪ್ರಾಣಿ ಹಿಡಿಯಲು ಉರುಳು ಹಾಕಿರುವ ಸುದ್ದಿ. ನಿಮ್ಮ ಆತಂಕದ ಬಗ್ಗೆ ಸಂಜೆ ಪ್ರತ್ಯೇಕವಾಗಿ ಮಾತನಾಡೋಣ. ಶಿವಲಿಂಗಯ್ಯನವರೇ, ನೀವು ಇಲಾಖೆಯಲ್ಲಿ ಉಪ ವಲಯ ಅರಣ್ಯಾಧಿಕಾರಿಯಾಗಿ ನಿವೃತ್ತರಾದವರು. ನಾವೇನು ಮಾಡಬೇಕೆಂದು ದಯವಿಟ್ಟು ತಿಳಿಸಿ.

ನವೀನ್, 5ನೇ ಅಡ್ಡರಸ್ತೆ (8.52)
ಇದರಲ್ಲಿ ಯೋಚಿಸುವುದೇನಿದೆ? ಪೊಲೀಸ್ ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಿದರೆ ಅವರೇ ತನಿಖೆ ಮಾಡಿ ಚಾರ್ಜ್‌ಶೀಟ್ ಹಾಕುತ್ತಾರೆ. ವನ್ಯಜೀವಿ ಕಾಯ್ದೆಯಲ್ಲಿ ಏಳು ವರ್ಷ ಶಿಕ್ಷೆಯಿದೆ. ಅಷ್ಟೂ ಉರುಳುಗಳನ್ನು ಇವತ್ತೇ ಕಿತ್ತು ಠಾಣೆಗೆ ಒಪ್ಪಿಸೋಣ.

ಶಿವಲಿಂಗಯ್ಯ, 2ನೇ ಅಡ್ಡರಸ್ತೆ (9.30)
ದಯವಿಟ್ಟು ಮೂರನೆಯದನ್ನು ಯಾರೂ ಮುಟ್ಟಬೇಡಿ. ಅದು ಎಲ್ಲಿದೆ ಎಂಬುದನ್ನೂ ಈ ಗುಂಪಿನಲ್ಲಿ ಬರೆಯಬೇಡಿ. ಗಾಯತ್ರಿಯವರೇ, ನಿಮ್ಮ ನಾಯಿಯ ಕಾಲು ಉಳಿದದ್ದೇ ದೊಡ್ಡದು; ಆ ಗಾಬರಿಯಲ್ಲಿ ನೀವು ತಂತಿ ಕತ್ತರಿಸಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಆ ಎರಡು ತಂತಿಗಳು ಈಗ ಬಹುಮಟ್ಟಿಗೆ ಬರಿಯ ಗುಜರಿ. ಎಲ್ಲಿಂದ, ಯಾವಾಗ, ಯಾರ ಎದುರಿಗೆ ತೆಗೆದದ್ದು ಎಂಬುದಕ್ಕೆ ದಾಖಲೆ ಇಲ್ಲ.

ನವೀನ್ ಅವರು ಹೇಳಿದ್ದು ಅರ್ಧ ಸರಿ. ಸಬ್ ಇನ್‌ಸ್ಪೆಕ್ಟರ್ ದರ್ಜೆಯ ಪೊಲೀಸರಿಗೂ ಈ ಕಾಯ್ದೆಯಲ್ಲಿ ಶೋಧಿಸುವ, ವಶಪಡಿಸಿಕೊಳ್ಳುವ ಅಧಿಕಾರವಿದೆ. ಆದರೆ 55ನೇ ಕಲಮಿನ ಪ್ರಕಾರ ನ್ಯಾಯಾಲಯವು ಪೊಲೀಸರ ಚಾರ್ಜ್‌ಶೀಟಿನ ಮೇಲೆ ಪ್ರಕರಣವನ್ನು ಕೈಗೆತ್ತಿಕೊಳ್ಳುವುದಿಲ್ಲ. ಅಧಿಕಾರ ಪಡೆದ ಅರಣ್ಯಾಧಿಕಾರಿ ನ್ಯಾಯಾಲಯದಲ್ಲಿ ನೇರವಾಗಿ ದೂರು ಸಲ್ಲಿಸಬೇಕು. ಸಾರ್ವಜನಿಕರೂ ಸಲ್ಲಿಸಬಹುದು, ಆದರೆ ಅದಕ್ಕೆ 60 ದಿನ ಮುಂಚಿತವಾಗಿ ನೋಟಿಸ್ ಕೊಟ್ಟಿರಬೇಕು. ಠಾಣೆಯಲ್ಲೇ ಉಳಿದ ಕಡತ ಈ ಕಾರಣಕ್ಕೆ ಬಿದ್ದುಹೋದದ್ದನ್ನು ನಾನು ಕಂಡಿದ್ದೇನೆ. ಆದ್ದರಿಂದ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ವಲಯ ಕಚೇರಿಗೆ ತಿಳಿಸಿ. ಏಳು ವರ್ಷದ ಮಾತನ್ನು ಆಮೇಲೆ ಹೇಳುತ್ತೇನೆ.

ಜವರೇಗೌಡ, 6ನೇ ಅಡ್ಡರಸ್ತೆ (10.05)
ಎಲ್ಲರೂ ಉರುಳು ಹಾಕಿದವನ ಮೇಲೆ ಸಿಟ್ಟಾಗಿದ್ದೀರಿ. ನಂಜನಗೂಡು ಕಡೆಯ ನನ್ನ ಎರಡು ಎಕರೆಯಲ್ಲಿ ಹೋದ ವರ್ಷ ಒಂದೇ ರಾತ್ರಿ ಕಾಡುಹಂದಿಗಳು ಮುಸುಕಿನ ಜೋಳವನ್ನು ಮಲಗಿಸಿಬಿಟ್ಟವು. ಪರಿಹಾರದ ಅರ್ಜಿ ಹಿಡಿದು ಎಷ್ಟು ಸಲ ಅಲೆದೆನೆಂದು ನನಗೆ ಗೊತ್ತು. ಈ ಉರುಳು ಹಾಕಿದವನೂ ನನ್ನಂಥ ರೈತನೇ ಆಗಿದ್ದರೆ ಅವನನ್ನು ಜೈಲಿಗೆ ಕಳಿಸಬೇಕೇ?

ಪ್ರಭಾಮಣಿ, 2ನೇ ಅಡ್ಡರಸ್ತೆ (11.20)
ಗೌಡರೇ, ನಿಮ್ಮ ಪ್ರಶ್ನೆ ಈ ವಿಷಯದ ಒಳಗಿನದೇ. ನಾನು ಅಪರಾಧಶಾಸ್ತ್ರ ಪಾಠ ಮಾಡುತ್ತಿದ್ದ ಕಾಲದಲ್ಲಿ ವಿದ್ಯಾರ್ಥಿಗಳಿಗೆ ಮೊದಲು ಕೇಳುತ್ತಿದ್ದುದು ಇದನ್ನೇ: ಈ ಅಪರಾಧದಲ್ಲಿ ದೂರು ಕೊಡುವವರು ಯಾರು? ಮನೆ ಕಳ್ಳತನವಾದರೆ ಮನೆಯವರು ಠಾಣೆಗೆ ಹೋಗುತ್ತಾರೆ. ಹಂದಿ ಹೋಗುವುದಿಲ್ಲ. ಹಾಗಾಗಿ ಇಲಾಖೆಯ ವಹಿಯಲ್ಲಿ ಇರುವ ಪ್ರಕರಣಗಳ ಸಂಖ್ಯೆ ಎಷ್ಟು ಅಪರಾಧ ನಡೆಯಿತು ಎಂಬುದನ್ನು ಹೇಳುವುದಿಲ್ಲ, ಎಷ್ಟು ಗಸ್ತು ತಿರುಗಿದರು ಎಂಬುದನ್ನು ಹೇಳುತ್ತದೆ. ಗಸ್ತು ಹೆಚ್ಚಾದ ವರ್ಷ ಉರುಳುಗಳ ಲೆಕ್ಕವೂ ಏರುತ್ತದೆ, ಬೇಟೆ ಹೆಚ್ಚಾಯಿತೆಂದು ಪತ್ರಿಕೆಗಳು ಬರೆಯುತ್ತವೆ. ನಮ್ಮ ಬೇಲಿಯ ಪಕ್ಕದಲ್ಲಿ ಇಷ್ಟು ದಿನ ಒಂದೂ ಪ್ರಕರಣ ಇರಲಿಲ್ಲವೆಂದರೆ ಉರುಳು ಇರಲಿಲ್ಲವೆಂದು ಅರ್ಥವಲ್ಲ. ಇಂದಿನವರೆಗೆ ಅಲ್ಲಿ ಯಾರ ನಾಯಿಯೂ ಸಿಕ್ಕಿಕೊಂಡಿರಲಿಲ್ಲ, ಅಷ್ಟೆ.

ಬೆಳೆ ಉಳಿಸಿಕೊಳ್ಳಲು ಉರುಳು ಹಾಕುವವನೂ ಮಾಂಸ ಮಾರಲು ಹಾಕುವವನೂ ಬೇರೆ ಬೇರೆ ಎಂಬುದು ನನ್ನ ಅಭಿಪ್ರಾಯ. ಒಬ್ಬನನ್ನು ತಡೆಯುವುದು ಶಿಕ್ಷೆಯಲ್ಲ, ಸಕಾಲಕ್ಕೆ ಸಿಗುವ ಪರಿಹಾರ. ಇನ್ನೊಬ್ಬನಿಗೆ ಕೊಳ್ಳುವವರಿದ್ದಾರೆ. ಆದರೆ ತಂತಿಗೆ ಈ ವ್ಯತ್ಯಾಸ ತಿಳಿಯದು.

ಶಿವಲಿಂಗಯ್ಯ (11.50)
ಮೇಡಂ ಹೇಳಿದ ಕೊನೆಯ ಮಾತು ನಿಜ. ಹಂದಿಗೆಂದು ಹಾಕಿದ ಉರುಳಿನಲ್ಲಿ ಚಿರತೆ ಸಿಕ್ಕರೆ ತಂತಿ ಸಾಮಾನ್ಯವಾಗಿ ಸೊಂಟಕ್ಕೆ ಬಿಗಿಯುತ್ತದೆ. ಅರಿವಳಿಕೆ ಕೊಟ್ಟು ಬಿಡಿಸಿದಾಗ ಮೈಮೇಲೆ ಗೀರು ಮಾತ್ರ ಕಂಡರೂ ಒಳಗಿನ ಅಂಗಗಳಿಗೆ ಪೆಟ್ಟಾಗಿ ಆಮೇಲೆ ಸಾಯಬಹುದು. ಚಾಮುಂಡಿ ಬೆಟ್ಟದಲ್ಲಿ ಚಿರತೆಯೂ ಇದೆ, ನವಿಲೂ ಇದೆ.

ಶಿಕ್ಷೆಯ ವಿಷಯ ಇಲ್ಲಿಂದಲೇ ಬರುತ್ತದೆ. 1972ರ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಉರುಳು ಒಡ್ಡುವುದು, ಅದರ ಪ್ರಯತ್ನ ಕೂಡ ಬೇಟೆಯೇ. ಚಿರತೆ, ನವಿಲು ಒಂದನೇ ಅನುಸೂಚಿಯಲ್ಲಿವೆ. ಅವುಗಳ ಬೇಟೆಗೆ ಕನಿಷ್ಠ ಮೂರು, ಗರಿಷ್ಠ ಏಳು ವರ್ಷ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಅದಕ್ಕೆ ಗರಿಷ್ಠ ಮೂರು ವರ್ಷ, ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಇಂಥ ಪ್ರಕರಣವನ್ನು ದಂಡ ಕಟ್ಟಿಸಿಕೊಂಡು ರಾಜಿ ಮಾಡಿ ಮುಗಿಸಲೂ ಅವಕಾಶವಿದೆ. ಇನ್ನು ಖಾಲಿ ಉರುಳು ಯಾವ ಪ್ರಾಣಿಗೆ ಹಾಕಿದ್ದು? ಹಾಕಿದವನು ಹಂದಿಗೆ ಎನ್ನುತ್ತಾನೆ. ಅವನ ಮನಸ್ಸಿನಲ್ಲಿ ಏನಿತ್ತೆಂದು ನಾವು ಹೇಗೆ ಸಾಧಿಸುವುದು?

ನವೀನ್ (12.15)
ಹಾಗಾದರೆ ಮಾಂಸದ ಸಮೇತ ಹಿಡಿದರೆ ಸುಲಭವಲ್ಲವೇ? ಸ್ವಾಧೀನದಲ್ಲಿ ಸಿಕ್ಕರೆ ತಾನು ನಿರಪರಾಧಿ ಎಂದು ಆರೋಪಿಯೇ ಸಾಬೀತು ಮಾಡಬೇಕು ಎಂದು ಓದಿದ ನೆನಪು.

ಶಿವಲಿಂಗಯ್ಯ (1.40)
ಅದು 57ನೇ ಕಲಮು, ನಿಜವೇ. ಆದರೆ ಸಿಕ್ಕಿದ್ದು ವನ್ಯಪ್ರಾಣಿಯ ಮಾಂಸ ಎಂಬುದನ್ನು ಮೊದಲು ನಾವು ತೋರಿಸಬೇಕು. ಅಲ್ಲೇ ನಾನು ಒಮ್ಮೆ ಸೋತಿದ್ದೇನೆ. ಬೇರೊಂದು ವಲಯದಲ್ಲಿ ಕೆಲಸದಲ್ಲಿದ್ದಾಗ, ಖಚಿತ ಮಾಹಿತಿಯ ಮೇಲೆ ಒಬ್ಬನನ್ನು ನಾಲ್ಕು ಕಿಲೋದಷ್ಟು ಮಾಂಸ ಮತ್ತು ಮೂರು ತಂತಿಗಳೊಂದಿಗೆ ಹಿಡಿದೆವು. ಚರ್ಮ, ಕೂದಲು ಎಲ್ಲವನ್ನೂ ಸುಟ್ಟು ತೆಗೆದು, ತುಂಡು ಮಾಡಿ ಚೀಲಕ್ಕೆ ಹಾಕಿದ್ದ. ಊರಹಂದಿಯ ಮಾಂಸ, ಸಂತೆಯಲ್ಲಿ ಕೊಂಡೆ ಎಂದ. ಕಾಡುಹಂದಿಯೂ ಊರಹಂದಿಯೂ ಒಂದೇ ಜಾತಿಯ ಪ್ರಾಣಿ. ಇದು ಹಂದಿ ಎಂಬುದನ್ನು ಮಾಮೂಲಿ ಡಿಎನ್‌ಎ ಪರೀಕ್ಷೆ ಹೇಳೀತು, ಕಾಡಿನದೋ ಊರಿನದೋ ಎಂದು ಹೇಳದು. ಜಿಂಕೆಯ ಮಾಂಸವಾಗಿದ್ದರೆ ಅಷ್ಟರಲ್ಲೇ ಮುಗಿಯುತ್ತಿತ್ತು. ನಮಗೆ ಬೇಕಾಗಿದ್ದುದು ಒಂದು ಹಿಡಿ ಬೆನ್ನಿನ ಬಿರುಸು ಕೂದಲು, ಅಥವಾ ಕೋರೆ, ಅಥವಾ ಕಾಲಿನ ಗೊರಸು. ಸುಟ್ಟ ಜಾಗಕ್ಕೆ ಹೋಗಿ ಹುಡುಕಿದ್ದರೆ ಸಿಗುತ್ತಿತ್ತೋ ಏನೋ. ನಾವು ಮರುದಿನ ಹೋದೆವು, ರಾತ್ರಿ ಮಳೆ ಬಂದಿತ್ತು.

ಮಹಜರನ್ನು ಸ್ಥಳದಲ್ಲಿ ಬರೆಯದೆ ಕಚೇರಿಗೆ ಬಂದು ಬರೆದೆವು. ಪಂಚರಾಗಿ ಎಂದಿನ ಟೀ ಅಂಗಡಿಯ ಇಬ್ಬರನ್ನೇ ಕರೆದೆವು. ವರ್ಷಗಳ ನಂತರ ವಿಚಾರಣೆಗೆ ಬಂದಾಗ, ಸಾಹೇಬರು ಹೇಳಿದಲ್ಲಿ ಸಹಿ ಹಾಕಿದೆವು ಎಂದು ಇಬ್ಬರೂ ತಿರುಗಿಬಿದ್ದರು. ತಂತಿಗಳಿಗೂ ಆ ಮನುಷ್ಯನಿಗೂ ಸಂಬಂಧ ತೋರಿಸುವ ಒಂದೇ ದಾರಿಯೆಂದರೆ, ಅವನ ಮನೆಯಲ್ಲಿ ಉಳಿದ ವೈರಿನ ಸುರುಳಿ ಹುಡುಕಿ, ಅದರ ತುದಿಯ ಕತ್ತರಿಯ ಗುರುತನ್ನು ಉರುಳಿನ ತುದಿಯ ಗುರುತಿಗೆ ಹೋಲಿಸಿ ನೋಡುವುದು. ಆದರೆ ಉರುಳನ್ನು ಬಿಚ್ಚುವಾಗ ನಮ್ಮ ಕಾವಲುಗಾರನೇ ಆ ತುದಿಯಲ್ಲಿ ಕತ್ತರಿ ಹಾಕಿದ್ದ. ಆರೋಪಿ ಬಿಡುಗಡೆಯಾದ. ಆ ತೀರ್ಪನ್ನು ಓದಿದ ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ.

ಗಾಯತ್ರಿ (2.05)
ಸರ್, ನಾನೂ ಬುಡದಲ್ಲೇ ಕತ್ತರಿಸಿದ್ದೇನೆ. ಆದರೆ ಕತ್ತರಿಸುವ ಮೊದಲು ಮೂರು ಚಿತ್ರ ತೆಗೆದಿದ್ದೆ. ಇಲ್ಲಿ ಹಾಕಲೇ?

ಶಿವಲಿಂಗಯ್ಯ (2.12)
ಇಲ್ಲಿ ಬೇಡ. ವಾಟ್ಸಾಪಿನಲ್ಲಿ ಸಾಮಾನ್ಯವಾಗಿ ಕಳುಹಿಸಿದ ಚಿತ್ರ ಕುಗ್ಗುತ್ತದೆ, ಅದರೊಳಗಿನ ಸ್ಥಳ, ಸಮಯದ ಮಾಹಿತಿ ಅಳಿಸಿಹೋಗುತ್ತದೆ. ಮೂಲ ಚಿತ್ರಗಳು ನಿಮ್ಮ ಫೋನಿನಲ್ಲೇ ಇರಲಿ. ಅಧಿಕಾರಿ ಬಂದಾಗ ಆ ಫೋನನ್ನೇ ತೋರಿಸಿ. ನ್ಯಾಯಾಲಯಕ್ಕೆ ಒಪ್ಪಿಸುವುದಾದರೆ ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರ ಬೇಕಾಗುತ್ತದೆ. ಕತ್ತರಿಸಿದ ತಂತಿಗಳನ್ನು ಕಾಗದದಲ್ಲಿ ಸುತ್ತಿಡಿ, ಇನ್ನು ಮುಟ್ಟಬೇಡಿ. ಎರಡೂ ತುದಿಗಳನ್ನು ನೀವು ಕತ್ತರಿಸಿರಲಾರಿರಿ. ಗುಂಡು ಇರುವ ತುದಿ ಇನ್ನೂ ಉಪಯೋಗಕ್ಕೆ ಬರಬಹುದು.

ಸುಶೀಲಮ್ಮ (3.30)
ಉರುಳು ಅಂದರೆ ನೀರಿನ ಟ್ಯಾಂಕಿನ ಹಿಂದಿನ ಬೇಲಿಯದ್ದೇ? ನಮ್ಮ ಕೆಲಸದವಳೂ ನೋಡಿದೆನೆಂದಳು. ಮಕ್ಕಳು ಆ ಕಡೆ ಹೋಗದಂತೆ ಎಲ್ಲರಿಗೂ ತಿಳಿಸಿ.

ರಾಘವೇಂದ್ರ (3.34)
ಸುಶೀಲಮ್ಮನವರೇ, ದಯವಿಟ್ಟು ಆ ಸಂದೇಶವನ್ನು ಅಳಿಸಿ.

ರಾಘವೇಂದ್ರ (ಸೋಮವಾರ, ಸಂಜೆ 6.20)
ಇಂದು ವಲಯ ಕಚೇರಿಯಿಂದ ಇಬ್ಬರು ಬಂದಿದ್ದರು. ಮೂರನೆಯ ಉರುಳನ್ನು ತೆಗೆದರೆ ಹಾಕಿದವನು ಸಿಗುವುದಿಲ್ಲ, ಬಿಟ್ಟರೆ ರಾತ್ರಿ ಪ್ರಾಣಿ ಸಿಕ್ಕಿ ಸಾಯಬಹುದು ಎಂಬುದು ಅವರ ಇಕ್ಕಟ್ಟು. ಕೊನೆಗೆ ಕುಣಿಕೆ ಬಿಗಿಯದಂತೆ ಗಂಟಿನ ಹಿಂದೆ ಸಣ್ಣ ತಡೆ ಕಟ್ಟಿ, ಹೊರಗಿನಿಂದ ಮೊದಲಿನಂತೆಯೇ ಕಾಣುವ ಹಾಗೆ ಬಿಟ್ಟಿದ್ದಾರೆ. ಹಾಕಿದವನು ಮುಂಜಾನೆ ನೋಡಲು ಬಂದೇ ಬರುತ್ತಾನೆ ಎಂದು ಒಂದು ಕ್ಯಾಮೆರಾ ಕೂಡ ಇಡುತ್ತಾರಂತೆ. ಅದು ನಾಳೆ ಸಿಗುತ್ತದೆ. ಇರುವ ಕ್ಯಾಮೆರಾಗಳು ಬೇರೆ ಕಡೆ ಇವೆ.

ಜವರೇಗೌಡ (7.15)
ಹಾಗಾದರೆ ಇವತ್ತು ರಾತ್ರಿ ನಾನು ನಮ್ಮ ಮಹಡಿಯಿಂದ ನೋಡುತ್ತಿರುತ್ತೇನೆ. ಆ ಮನುಷ್ಯ ರೈತನಾಗಿದ್ದರೆ ಅವನೊಂದಿಗೆ ಮೊದಲು ಮಾತನಾಡಬೇಕೆಂಬ ನನ್ನ ಅಭಿಪ್ರಾಯ ಬದಲಾಗಿಲ್ಲ.

ಶಿವಲಿಂಗಯ್ಯ (7.22)
ನೋಡಿ, ಆದರೆ ಇಳಿದು ಹೋಗಬೇಡಿ ಗೌಡರೇ. ಅವನ ಕೈಯಲ್ಲಿ ಮಚ್ಚು ಇರುತ್ತದೆ.

ರಾಘವೇಂದ್ರ (ಮಂಗಳವಾರ, ಬೆಳಿಗ್ಗೆ 7.05)
ಕಾವಲುಗಾರರೊಂದಿಗೆ ಈಗಷ್ಟೇ ಹೋಗಿ ಬಂದೆ. ಉರುಳು ಅಲ್ಲಿಲ್ಲ. ಮುಳ್ಳುಕೊಂಬೆಗಳನ್ನೂ ಸರಿಸಿ ಬದಿಗೆ ಎಸೆದಿದ್ದಾರೆ. ಗೌಡರಿಗೆ ಎರಡು ಗಂಟೆಯವರೆಗೆ ಏನೂ ಕಾಣಲಿಲ್ಲವಂತೆ. ಈ ಗುಂಪಿನಲ್ಲಿ 214 ಜನರಿದ್ದೇವೆ. ಬಾಡಿಗೆಗೆ ಬಂದು ಹೋದವರ ಸಂಖ್ಯೆಗಳನ್ನೂ ನಾವು ತೆಗೆದಿಲ್ಲ.

ಶಿವಲಿಂಗಯ್ಯ (7.18)
ತಂತಿ ಕಟ್ಟಿದ್ದ ಬೇಲಿಗೂಟದ ಬುಡ ನೋಡಿದಿರಾ? ಅವಸರದಲ್ಲಿ ಕತ್ತರಿಸಿದ್ದರೆ ಸುತ್ತಿದ ಭಾಗ ಅಲ್ಲೇ ಉಳಿದಿರಬೇಕು.

ರಾಘವೇಂದ್ರ (7.31)
ಉಳಿದಿದೆ ಸರ್. ಸುಮಾರು ನಾಲ್ಕು ಬೆರಳಿನಷ್ಟು ತಂತಿ, ತುದಿ ಹೊಸದಾಗಿ ಹೊಳೆಯುತ್ತಿದೆ. ಕಾವಲುಗಾರರು ಅಲ್ಲೇ ನಿಂತಿದ್ದಾರೆ. ಮಹಜರಿಗೆ ಪಂಚರಾಗಿ ಗಾಯತ್ರಿಯವರೂ ನಾನೂ ಬರುತ್ತೇವೆಂದು ಹೇಳಿದ್ದೇವೆ, ಅಧಿಕಾರಿ ಎಂಟೂವರೆಗೆ ಬರುತ್ತಾರಂತೆ.