ಶಾಪಿಂಗ್ ಖಾತೆ ಹ್ಯಾಕ್ ಆಗಿ ಕ್ರೆಡಿಟ್ ಕಾರ್ಡಿಗೆ 46,050 ರೂಪಾಯಿ: ಮೊದಲು ಬ್ಯಾಂಕಾ, ಕಂಪನಿಯಾ?

ಪ್ರಶ್ನೆ (ನಾಪೋಕ್ಲು, ಹೋಂಸ್ಟೇ ನಡೆಸುವವರು): ಕಾಫಿ ಮೆಷಿನ್ನಿನ ಬಿಡಿಭಾಗ ತರಿಸಲು ಹೊರದೇಶದ ಒಂದು ಶಾಪಿಂಗ್ ಸೈಟಿನಲ್ಲಿ ಖಾತೆ ಇಟ್ಟಿದ್ದೆ, ಕಾರ್ಡ್ ಅದರಲ್ಲೇ ಸೇವ್ ಆಗಿತ್ತು. ನಿನ್ನೆ ಶುಕ್ರವಾರ ರಾತ್ರಿ 18,400, ಮತ್ತೆ 18,400, ಆಮೇಲೆ 9,250 ಎಂದು ಮೂರು ಮೆಸೇಜ್ ಬಂದವು. ಒಟಿಪಿ ಬರಲೇ ಇಲ್ಲ. ಇಮೇಲ್ ತೆಗೆದರೆ ಗೊತ್ತಿಲ್ಲದ ಕಂಪನಿಗಳ ನೂರಾರು ಸ್ವಾಗತ ಪತ್ರ. ಖಾತೆಯಲ್ಲಿ ನೋಡಿದರೆ ಒಂದೇ ಆರ್ಡರ್ ಕಾಣುತ್ತದೆ. ಬ್ಯಾಂಕಿನ ಆಪ್‌ನಲ್ಲಿ ಕಾರ್ಡ್ ಆಫ್ ಮಾಡಿದ್ದೇನೆ. ಹೆಲ್ಪ್‌ಲೈನಿನವರು ಮೊದಲು ಸೈಟಿನವರ ಹತ್ತಿರ ಮಾತಾಡಿ ಅಂತಾರೆ, ಸೈಟಿನವರು ಬ್ಯಾಂಕಿಗೆ ಹೋಗಿ ಅಂತಾರೆ. ಇವತ್ತು ಎರಡನೇ ಶನಿವಾರ, ಬ್ರಾಂಚೂ ಇಲ್ಲ. ಯಾವುದನ್ನು ಮೊದಲು ಮಾಡಲಿ?

ಸೋಮವಾರಪೇಟೆಯ ಸದಸ್ಯರು: ಮೊದಲು ಮಡಿಕೇರಿಗೆ ಹೋಗಿ ಸಿಇಎನ್ ಠಾಣೆಯಲ್ಲಿ ಎಫ್‌ಐಆರ್ ಮಾಡಿಸಿ ಅಕ್ಕ. ಎಫ್‌ಐಆರ್ ಇಲ್ಲದೆ ಬ್ಯಾಂಕಿನವರು ಕಾಗದ ಮುಟ್ಟುವುದೂ ಇಲ್ಲ. ಮೂರು ದಿನದೊಳಗೆ ಹೇಳಿದರೆ ಪೂರ್ತಿ ದುಡ್ಡು ವಾಪಸ್, ಅದು ರಿಸರ್ವ್ ಬ್ಯಾಂಕ್ ರೂಲು.

ಉತ್ತರ (ಪೊನ್ನಂಪೇಟೆ, ಬ್ಯಾಂಕೊಂದರ ಕಾರ್ಡ್ ತಕರಾರು ವಿಭಾಗದಲ್ಲಿದ್ದು ನಿವೃತ್ತರಾದವರು): ಮೇಡಂ, ಈಗಲೇ ಮತ್ತೊಮ್ಮೆ ಹೆಲ್ಪ್‌ಲೈನಿಗೆ ಫೋನ್ ಮಾಡಿ. ಆಪ್‌ನಲ್ಲಿ ಕಾರ್ಡ್ ಆಫ್ ಮಾಡಿದ್ದು ಒಳ್ಳೆಯದೇ, ಆದರೆ ಅದು ದೂರು ಅಲ್ಲ. ಸ್ವಿಚ್ ಆರಿಸಿದ್ದು ಬ್ಯಾಂಕಿನ ಲೆಕ್ಕಕ್ಕೆ ಬರಬೇಕಾದರೆ ನೀವು ವಂಚನೆ ಎಂದು ತಿಳಿಸಿರಬೇಕು, ಅವರು ದೂರಿನ ನಂಬರ್ ಕೊಟ್ಟಿರಬೇಕು. ಅಲ್ಲಿ ಬಳಸುವ ಮಾತೂ ಮುಖ್ಯ. "ಒಂದು ಆರ್ಡರ್ ಬಗ್ಗೆ ಸಮಸ್ಯೆ" ಎಂದು ಶುರುಮಾಡಿದರೆ ಅವರು ಅದನ್ನು ಗಿರಾಕಿ ಮತ್ತು ಅಂಗಡಿಯ ಜಗಳದ ಪಟ್ಟಿಗೆ ಹಾಕುತ್ತಾರೆ. ಸೈಟಿನವರ ಹತ್ತಿರ ಹೋಗಿ ಎಂಬ ಉತ್ತರ ಬರುವುದು ಅದಕ್ಕೇ. "ಈ ಮೂರು ವಹಿವಾಟು ನಾನು ಮಾಡಿಲ್ಲ, ಯಾರಿಗೂ ಮಾಡಲು ಹೇಳಿಲ್ಲ, ಒಟಿಪಿ ಬಂದಿಲ್ಲ, ಕಾರ್ಡ್ ಪೂರ್ತಿ ಬ್ಲಾಕ್ ಮಾಡಿ, ವಂಚನೆ ಎಂದು ದಾಖಲಿಸಿ" ಎನ್ನಿ. ಈ ದೂರು ಪಡೆಯಲು ಬ್ಯಾಂಕು ದಿನದ 24 ಗಂಟೆಯೂ ದಾರಿ ಇಟ್ಟಿರಲೇಬೇಕು, ಎರಡನೇ ಶನಿವಾರ ಅಡ್ಡಿಯಲ್ಲ. ನಂಬರ್ ಮತ್ತು ಸಮಯ ಬರೆದಿಟ್ಟುಕೊಳ್ಳಿ.

ಒಟಿಪಿ ಬರಲಿಲ್ಲ ಎಂದು ಗಾಬರಿ ಬೇಡ. ಹೊರದೇಶದ ಮಾರಾಟಗಾರರು ಎಷ್ಟೋ ಕಡೆ ಅದನ್ನು ಕೇಳುವುದೇ ಇಲ್ಲ. ಕಳ್ಳನಿಗೆ ನಿಮ್ಮ ಕಾರ್ಡಿನ ನಂಬರ್ ಸಿಕ್ಕಿದೆ ಎಂದೂ ಅದರ ಅರ್ಥವಲ್ಲ. ಖಾತೆಯ ಪಾಸ್‌ವರ್ಡ್ ಸಿಕ್ಕಿದರೆ ಸಾಕು, ಸೇವ್ ಆದ ಕಾರ್ಡ್ ಒತ್ತಿದರೆ ಆಯಿತು.

ಎರಡನೆಯದು ಇಮೇಲ್. ಆ ನೂರಾರು ಸ್ವಾಗತ ಪತ್ರಗಳು ಯಾರದೋ ತಮಾಷೆಯಲ್ಲ. ಆರ್ಡರಿನ ಪತ್ರ ನಿಮ್ಮ ಕಣ್ಣಿಗೆ ಬೀಳದಿರಲಿ ಎಂದು ಹೊಯ್ದ ಕಸ ಅದು. ಮೊದಲು ಇಮೇಲಿನ ಪಾಸ್‌ವರ್ಡ್ ಬದಲಿಸಿ, ಬೇರೆ ಎಲ್ಲ ಫೋನು ಕಂಪ್ಯೂಟರುಗಳಿಂದ ಹೊರಹಾಕಿ. ನಂತರ ಸೆಟ್ಟಿಂಗ್‌ನಲ್ಲಿ ಫಿಲ್ಟರ್ ಮತ್ತು ಫಾರ್ವರ್ಡಿಂಗ್ ನೋಡಿ. ಸೈಟಿನ ಪತ್ರಗಳು ನೇರ ಕಸದ ಬುಟ್ಟಿಗೆ ಹೋಗುವ ಹಾಗೆ ಯಾರಾದರೂ ನಿಯಮ ಬರೆದಿಟ್ಟಿದ್ದರೆ ಅಲ್ಲಿ ಸಿಗುತ್ತದೆ. ಇಮೇಲ್ ಅವನ ಕೈಯಲ್ಲಿರುವಾಗ ಶಾಪಿಂಗ್ ಖಾತೆಯ ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದರೂ ಅವನು ಮತ್ತೆ ಬದಲಿಸುತ್ತಾನೆ.

ಆಮೇಲೆ ಸೈಟು. ಅಲ್ಲಿ ಏನನ್ನೂ ಅಳಿಸುವ ಮುಂಚೆ ಸ್ಕ್ರೀನ್‌ಶಾಟ್ ತೆಗೆಯಿರಿ. ಕಾಣದ ಎರಡು ಆರ್ಡರ್ ಬಹುಶಃ ಆರ್ಕೈವ್‌ನಲ್ಲಿರುತ್ತವೆ, ಪಟ್ಟಿಯಿಂದ ಮರೆಮಾಡಿದ ಆರ್ಡರುಗಳು ಹೋಗುವ ಜಾಗ ಅದು, ಅಲ್ಲಿ ಹುಡುಕಿ. ಹೊಸ ವಿಳಾಸ, ಹೊಸ ಫೋನ್ ನಂಬರ್, ಲಾಗಿನ್ ಆದ ಸಾಧನಗಳ ಪಟ್ಟಿ ಎಲ್ಲವೂ ಬೇಕು. ಎರಡು ಮೊತ್ತ ಒಂದೇ ಆಗಿರುವುದು ನೋಡಿದರೆ ಗಿಫ್ಟ್ ಕಾರ್ಡ್ ಇರಬಹುದು. ಹೌದಾದರೆ ಇಂದೇ ಮಾತಾಡಬೇಕು, ಏಕೆಂದರೆ ಬಳಸದ ಕೋಡನ್ನು ಅವರು ರದ್ದು ಮಾಡಬಲ್ಲರು, ಬಳಸಿದ್ದು ಮುಗಿದ ಹಾಗೆ. ಸಾಮಾನ್ಯ ಗ್ರಾಹಕ ಸೇವೆಯವರು ಬ್ಯಾಂಕಿಗೆ ಹೋಗಿ ಎಂದರೆ, ಖಾತೆ ಬೇರೆಯವರ ಕೈಸೇರಿದೆ, ಖಾತೆ ಸುರಕ್ಷತೆ ನೋಡುವವರಿಗೆ ಕಳಿಸಿ ಎಂದು ಚಾಟ್‌ನಲ್ಲೇ ಬರೆಯಿರಿ. ಮಾತಿಗಿಂತ ಬರಹದ ಉತ್ತರ ಬೇಕು. ಮರುಪಾವತಿ ಕೊಡುತ್ತೇವೆಂದರೆ ಖಾತೆಯ ಬ್ಯಾಲೆನ್ಸಿಗೆ ಬೇಡ, ಕಾರ್ಡಿಗೇ ಹಾಕಿ ಎನ್ನಿ.

ಅದೇ ದಿನ 1930ಕ್ಕೆ ಫೋನ್ ಅಥವಾ cybercrime.gov.in ನಲ್ಲಿ ದೂರು. ಸೋಮವಾರಪೇಟೆಯವರು ಹೇಳಿದ್ದು ಅರ್ಧ ಸರಿ. ಆ ದೂರಿನ ನಂಬರ್ ಬ್ಯಾಂಕಿನ ಅರ್ಜಿಗೆ ಬಲ ಕೊಡುತ್ತದೆ, ಕೆಲವು ಬ್ಯಾಂಕು ಕೇಳುತ್ತವೆ ಕೂಡ. ಆದರೆ ಎಫ್‌ಐಆರ್ ಕೈಗೆ ಬರಲಿ ಎಂದು ಬ್ಯಾಂಕಿಗೆ ಹೇಳದೆ ಕೂತರೆ ದಿನಗಳು ಓಡುತ್ತವೆ, ಇಲ್ಲಿ ಲೆಕ್ಕ ನಡೆಯುವುದೇ ದಿನದ ಮೇಲೆ.

ನಾಪೋಕ್ಲು: ಅದೇ ಕೇಳಬೇಕಿತ್ತು ಸರ್, ಮೂರು ದಿನ ಎಂದರೆ ಸೋಮವಾರಕ್ಕೆ ಮುಗಿಯಿತಾ? ಮಳೆಗೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ, ಮೆಸೇಜ್ ನೋಡಿದ್ದೇ ಇವತ್ತು ಬೆಳಿಗ್ಗೆ.

ಪೊನ್ನಂಪೇಟೆ: ಇಲ್ಲ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹೇಳುವುದು ಕೆಲಸದ ದಿನ, ಅದೂ ನಿಮ್ಮ ಬ್ರಾಂಚಿನದು. ಮೆಸೇಜ್ ಬಂದ ದಿನವನ್ನು ಬಿಟ್ಟು ಎಣಿಸುತ್ತಾರೆ. ಶುಕ್ರವಾರ ಬಿಡಿ, ಎರಡನೇ ಶನಿವಾರ ಬಿಡಿ, ಭಾನುವಾರ ಬಿಡಿ. ಸೋಮ, ಮಂಗಳ, ಬುಧ. ಬುಧವಾರದೊಳಗೆ ದಾಖಲಾಗಿದ್ದರೆ, ತಪ್ಪು ನಿಮ್ಮದೂ ಅಲ್ಲ ಬ್ಯಾಂಕಿನದೂ ಅಲ್ಲ ಎಂದಾದರೆ, ನಿಮ್ಮ ಹೊಣೆ ಸೊನ್ನೆ. ನಾಲ್ಕರಿಂದ ಏಳನೇ ಕೆಲಸದ ದಿನಕ್ಕೆ ಹೋದರೆ ಮಿತಿ ಇದೆ: 5 ಲಕ್ಷದವರೆಗಿನ ಲಿಮಿಟ್ಟಿನ ಕ್ರೆಡಿಟ್ ಕಾರ್ಡಾದರೆ ಒಂದೊಂದು ವಹಿವಾಟಿಗೂ ಹೆಚ್ಚೆಂದರೆ 10,000 ರೂಪಾಯಿ ನಿಮ್ಮ ತಲೆಗೆ. ಏಳೂ ದಾಟಿದರೆ ಆ ಬ್ಯಾಂಕಿನ ಆಡಳಿತ ಮಂಡಳಿಯ ನೀತಿ ಏನಿದೆಯೋ ಅದು. ನೆಟ್‌ವರ್ಕ್ ಇರಲಿಲ್ಲ ಎನ್ನುವುದನ್ನು ವಾದಿಸಬಹುದು, ಆದರೆ ಆ ವಾದ ಮಾಡುವ ಸ್ಥಿತಿಗೆ ಹೋಗಬೇಡಿ, ಇವತ್ತೇ ಮುಗಿಸಿ.

ಕುಶಾಲನಗರದ ಸದಸ್ಯೆ: ನನಗೂ ಹೀಗೇ ಆಯಿತು. ಕೊರಿಯರ್‌ನವನು ಅಂತ ಫೋನ್ ಮಾಡಿ, ವಿಳಾಸ ಸರಿ ಮಾಡಲು ಒಂದು ನಂಬರ್ ಬರುತ್ತೆ ಹೇಳಿ ಮೇಡಂ ಅಂದ. ಹೇಳಿದೆ, 6,000 ಹೋಯಿತು. ಬ್ಯಾಂಕು ಒಂದು ರೂಪಾಯಿ ಕೊಡಲಿಲ್ಲ. ಈ ಸೊನ್ನೆ ಹೊಣೆ ಎಲ್ಲ ಕಾಗದದ ಮೇಲೆ ಅಷ್ಟೇ.

ಪೊನ್ನಂಪೇಟೆ: ಅದು ಬೇರೆ ಕಥೆ ತಂಗಿ. ಒಟಿಪಿಯನ್ನು ನಾವೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು. ಇವರು ಏನನ್ನೂ ಹೇಳಿಲ್ಲ. ಗಿರಾಕಿಯ ತಪ್ಪು ಎಂದು ತೋರಿಸುವ ಭಾರವೂ ಬ್ಯಾಂಕಿನ ಮೇಲಿದೆ.

ನಾಪೋಕ್ಲು (ಸೋಮವಾರ): ದೂರಿನ ನಂಬರ್ ಶನಿವಾರವೇ ಸಿಕ್ಕಿತು. ಆರ್ಕೈವ್‌ನಲ್ಲಿ ಎರಡು ಆರ್ಡರ್ ಇದ್ದವು, ಮೂರೂ ಗಿಫ್ಟ್ ಕಾರ್ಡೇ. 9,250ರ ಕೋಡ್ ಬಳಸಿರಲಿಲ್ಲ, ಅದನ್ನು ರದ್ದು ಮಾಡಿ ಕಾರ್ಡಿಗೆ ಹಾಕುತ್ತೇವೆ ಎಂದು ಬರೆದಿದ್ದಾರೆ. ಉಳಿದ 36,800 ಆಗಲ್ಲವಂತೆ. "ಗೊತ್ತಿಲ್ಲದ ಸಾಧನದಿಂದ ಲಾಗಿನ್ ಆಗಿದೆ" ಎಂದು ಮಾತ್ರ ಇಮೇಲಿನಲ್ಲಿ ಒಪ್ಪಿಕೊಂಡಿದ್ದಾರೆ. ಬ್ಯಾಂಕಿನ ಫಾರ್ಮಿನಲ್ಲಿ ಈಗ ಏನು ತುಂಬಲಿ?

ಪೊನ್ನಂಪೇಟೆ: ಆ ಒಂದು ಸಾಲೇ ನಿಮ್ಮ ಕೇಸಿನ ಜೀವ. ಏಕೆಂದು ಹೇಳುತ್ತೇನೆ. ಬ್ಯಾಂಕು ಚಾರ್ಜ್‌ಬ್ಯಾಕ್ ಹಾಕಿದಾಗ, ಅಂದರೆ ಮಾರಾಟಗಾರನಿಂದ ದುಡ್ಡು ಹಿಂದಕ್ಕೆ ಕೇಳಿದಾಗ, ಅವನು ಸುಮ್ಮನಿರುವುದಿಲ್ಲ. ಇದೇ ಖಾತೆಯಿಂದ ಇವರು ಹಿಂದೆಯೂ ತರಿಸಿದ್ದಾರೆ, ಆಗ ತಕರಾರು ಇರಲಿಲ್ಲ ಎಂದು ಹಳೆಯ ಆರ್ಡರುಗಳನ್ನು ಮುಂದಿಡುತ್ತಾನೆ. ವೀಸಾ ಕಾರ್ಡಾದರೆ 2023ರ ಏಪ್ರಿಲ್‌ನಿಂದ ಇದಕ್ಕೆ ನಿಯಮವೇ ಇದೆ: 120 ದಿನಕ್ಕಿಂತ ಹಳೆಯ, ತಕರಾರಿಲ್ಲದ ಎರಡು ಖರೀದಿ ತೋರಿಸಿ ಇವೂ ಅವರದೇ ಎನ್ನಬಹುದು. ಆದರೆ ಖಾತೆಯ ಹೆಸರು ಹೊಂದಿದರೆ ಸಾಲದು. ಐಪಿ ವಿಳಾಸ ಅಥವಾ ಸಾಧನ, ಇವೆರಡರಲ್ಲಿ ಒಂದಾದರೂ ಹಳೆಯದಕ್ಕೆ ತಾಳೆಯಾಗಬೇಕು. ಸಾಧನ ಬೇರೆ ಎಂದು ಅವರೇ ಬರೆದುಕೊಟ್ಟಿದ್ದಾರಲ್ಲ, ಆ ಇಮೇಲನ್ನು ಫಾರ್ಮಿನ ಜೊತೆ ಲಗತ್ತಿಸಿ.

ಫಾರ್ಮಿನಲ್ಲಿ ಕಾರಣದ ಪಟ್ಟಿ ಬಂದಾಗ "ವಸ್ತು ತಲುಪಿಲ್ಲ" ಎಂಬುದನ್ನು ಒತ್ತಲೇಬೇಡಿ. ತಲುಪಿಲ್ಲ ಎಂದರೆ ತರಿಸಿದ್ದು ನೀವೇ ಎಂದು ಒಪ್ಪಿಕೊಂಡ ಹಾಗೆ. "ನಾನು ಮಾಡದ ವಹಿವಾಟು" ಎಂಬುದನ್ನೇ ಆರಿಸಿ. ಮೂರನ್ನೂ ವಂಚನೆ ಎಂದು ತೋರಿಸಿ, 9,250ರ ಎದುರು ಮರುಪಾವತಿಗೆ ಒಪ್ಪಿದ್ದಾರೆ, ಇನ್ನೂ ಬಂದಿಲ್ಲ ಎಂದು ಬರೆಯಿರಿ. ಬಂದ ದಿನ ಬ್ಯಾಂಕಿಗೆ ತಿಳಿಸಿ. ಒಂದೇ ಮೊತ್ತ ಎರಡು ಕಡೆಯಿಂದ ಬಂದರೆ ಒಂದನ್ನು ಹಿಂದಕ್ಕೆ ಎಳೆಯುತ್ತಾರೆ, ಆಗ ಉಳಿದ ತಕರಾರಿಗೂ ಅನುಮಾನದ ಗಾಳಿ ಬಡಿಯುತ್ತದೆ.

ದೂರು ಕೊಟ್ಟು 10 ಕೆಲಸದ ದಿನದೊಳಗೆ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಜಮಾ ಮಾಡಬೇಕು. ಬಂತು ಎಂದು ಫೈಲ್ ಎಸೆಯಬೇಡಿ, ತನಿಖೆ ನಿಮ್ಮ ವಿರುದ್ಧ ಹೋದರೆ ಅದು ವಾಪಸ್ ಹೋಗುತ್ತದೆ. ತೀರ್ಮಾನಕ್ಕೆ 90 ದಿನ. ಈ ನಡುವೆ ಬಿಲ್ ಬಂದರೆ ತಕರಾರಿನ ಮೊತ್ತ ಬಿಟ್ಟು ಉಳಿದದ್ದನ್ನು ಗಡುವಿನೊಳಗೆ ಕಟ್ಟಿ. ಕೋಪಕ್ಕೆ ಇಡೀ ಬಿಲ್ ಕಟ್ಟದೆ ಬಿಟ್ಟವರನ್ನು ಕಂಡಿದ್ದೇನೆ, ತಮ್ಮದೇ ಖರ್ಚಿನ ಬಾಕಿಗೆ ಬಡ್ಡಿ ಹತ್ತಿಸಿಕೊಂಡರು. ಲಿಖಿತ ದೂರಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು.

ಸೋಮವಾರಪೇಟೆ: ಹೊಸ ಕಾರ್ಡ್ ಬಂದ ಮೇಲೆ ಹಳೆ ತಲೆನೋವು ಮುಗಿಯಿತಲ್ಲ ಸರ್?

ಪೊನ್ನಂಪೇಟೆ: ಮುಗಿಯಿತು ಎನ್ನಲಾಗದು. ಕಾರ್ಡ್ ಬದಲಾದರೂ ಕೆಲವು ಸೈಟುಗಳಲ್ಲಿ ಸೇವ್ ಆದ ಕಾರ್ಡು ತಾನಾಗಿ ಹೊಸದಕ್ಕೆ ತಿರುಗುತ್ತದೆ, ಗಿರಾಕಿಗೆ ಅನುಕೂಲವಾಗಲಿ ಎಂದೇ ಮಾಡಿದ ವ್ಯವಸ್ಥೆ. ಖಾತೆಯೊಳಗಿಂದ ಕಾರ್ಡನ್ನೇ ತೆಗೆದುಹಾಕಿ, ಹೊಸ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಬಳಕೆ ಮುಚ್ಚಿಡಿ. ಬಿಡಿಭಾಗ ಬೇಕಾದ ದಿನ ತೆರೆದರಾಯಿತು.

ವಿರಾಜಪೇಟೆಯ ಸದಸ್ಯರು (ವಕೀಲರು): ಒಂದು ಮಾತು. ಮೇಡಂ, ಇದೇ ಪಾಸ್‌ವರ್ಡ್ ಬೇರೆ ಕಡೆಯೂ ಇತ್ತಾ? ಇದ್ದರೆ ಬ್ಯಾಂಕು ಅದನ್ನೇ ನಿರ್ಲಕ್ಷ್ಯ ಎನ್ನಬಹುದು.

ನಾಪೋಕ್ಲು: ಇತ್ತು ಸರ್. ಹೋಂಸ್ಟೇ ಬುಕಿಂಗ್ ಖಾತೆಗೂ ಅದೇ.

ಪೊನ್ನಂಪೇಟೆ: ಬುಕಿಂಗ್ ಖಾತೆಯದನ್ನು ಈಗಲೇ ಬದಲಿಸಿ, ಗಿರಾಕಿಗಳ ಮುಂಗಡ ಬರುವ ಜಾಗ ಅದು. ನಿರ್ಲಕ್ಷ್ಯದ ಮಾತಿಗೆ ನಾನು ಒಪ್ಪುವುದಿಲ್ಲ. ಸುತ್ತೋಲೆ ಉದಾಹರಣೆ ಕೊಡುವುದು ಪಾವತಿಯ ಗುಟ್ಟನ್ನು ಬೇರೆಯವರಿಗೆ ಹೇಳಿದ್ದಕ್ಕೆ. ಅಂಗಡಿಯ ಪಾಸ್‌ವರ್ಡ್ ಪಿನ್ನೂ ಅಲ್ಲ, ಒಟಿಪಿಯೂ ಅಲ್ಲ.

ವಿರಾಜಪೇಟೆ: ಉದಾಹರಣೆ ಅದೊಂದೇ ಎಂದ ಮಾತ್ರಕ್ಕೆ ಅರ್ಥ ಅಷ್ಟಕ್ಕೇ ನಿಲ್ಲುತ್ತದೆ ಎನ್ನಲಾಗದು ಸರ್. ಓಂಬುಡ್ಸ್‌ಮನ್ ಮುಂದೆ ಎರಡೂ ಕಡೆ ವಾದಿಸಬಹುದಾದ ವಿಷಯ. ಫಾರ್ಮಿನಲ್ಲಿ ಕೇಳದಿದ್ದರೆ ತಾವಾಗಿ ಬರೆಯುವ ಅಗತ್ಯವಿಲ್ಲ. ಕೇಳಿದರೆ ಸುಳ್ಳು ಹೇಳಬೇಡಿ.

ನಾಪೋಕ್ಲು: ಫಾರ್ಮಿನಲ್ಲಿ ಆ ಪ್ರಶ್ನೆ ಇಲ್ಲ. ಸೈಟಿನವರ ಇಮೇಲ್, ಸ್ಕ್ರೀನ್‌ಶಾಟ್, 1930ರ ದೂರಿನ ನಂಬರ್ ಮೂರೂ ಹಾಕಿ ಕಳಿಸಿದೆ. ಸ್ವೀಕೃತಿ ಬಂದಿದೆ.