ಸಂಡಿಗೆ ಕದಿಯುವ ದೃಶ್ಯ: ಆನಿಮೇಟರ್ ಕೈಗೆ ಕೊಡುವಾಗ ಹೇಗೆ ಬರೆಯಬೇಕು?

ಪ್ರಶ್ನೆ: ಮಕ್ಕಳ 2ಡಿ ಕಿರುಚಿತ್ರಕ್ಕೆ ಬರೀತಿದ್ದೀನಿ. ಒಂದು ದೃಶ್ಯ ಹೀಗಿದೆ: "ತಾರಸಿಯ ಮೇಲೆ ಸಂಡಿಗೆ ಒಣಗುತ್ತಿದೆ. ಕಾವಲಿಗೆ ಕೂತ ಅಜ್ಜಿಗೆ ಜೋಂಪು. ಪುಟ್ಟ ಆಸೆ ತಡೆಯಲಾರದೆ ಹೇಗೋ ಒಂದನ್ನು ಎಗರಿಸಲು ನೋಡುತ್ತಾನೆ. ಅಜ್ಜಿಗೆ ಗೊತ್ತಾಗಿಬಿಡುತ್ತದೆ." ಆನಿಮೇಟರ್ "ಇದರಲ್ಲಿ ಬಿಡಿಸೋಕೆ ಏನೂ ಇಲ್ಲ" ಅಂತ ವಾಪಸ್ ಕಳಿಸಿದ್ದಾರೆ. ಇನ್ನೇನು ಬರೀಬೇಕು?

ಕಿರುಚಿತ್ರ ಮಾಡುವವರೊಬ್ಬರು: ವಿವರ ಸಾಲದು, ಅಷ್ಟೇ. ಕ್ಲೋಸಪ್ ಎಲ್ಲಿ, ಲಾಂಗ್ ಶಾಟ್ ಎಲ್ಲಿ, ಪುಟ್ಟನ ಅಂಗಿಯ ಬಣ್ಣ ಯಾವುದು, ಎಲ್ಲಾ ಬರೆದುಕೊಡಿ.

2ಡಿ ಆನಿಮೇಟರ್: ವಿವರ ಬೇಕು ಅನ್ನೋದು ಸರಿ, ಆದರೆ ಈ ವಿವರ ಅಲ್ಲ. ಅಂಗಿಯ ಬಣ್ಣ ಪಾತ್ರವಿನ್ಯಾಸದಲ್ಲಿ ಒಮ್ಮೆ ತೀರ್ಮಾನವಾಗಿರುತ್ತೆ. ಶಾಟ್‌ಗಳನ್ನು ಸ್ಟೋರಿಬೋರ್ಡ್ ಮಾಡುವವರು ಹೇಗೂ ಯೋಚಿಸ್ತಾರೆ. ನಮಗೆ ಬೇಕಾಗೋದು ಯಾರ ಯಾವ ಅಂಗ ಎಲ್ಲಿಂದ ಎಲ್ಲಿಗೆ ಹೋಗುತ್ತೆ, ಯಾವ ಭಂಗಿಯಲ್ಲಿ ನಿಲ್ಲುತ್ತೆ ಅನ್ನೋದು. ನಿಮ್ಮ ದೃಶ್ಯದಲ್ಲಿ ಮೂರು ಕಡೆ ಪೆನ್ಸಿಲ್ ನಿಂತುಹೋಗುತ್ತೆ: "ಆಸೆ ತಡೆಯಲಾರದೆ", "ಹೇಗೋ", "ಗೊತ್ತಾಗಿಬಿಡುತ್ತದೆ". ಅದರಲ್ಲೂ ನಾವು ಬಿಡಿಸಬೇಕಾದದ್ದೆಲ್ಲ ಆ "ಹೇಗೋ" ಒಳಗೇ ಇದೆ. ನಾನಾದರೆ ಹೀಗೆ ಬರೀತೀನಿ:

> ತಾರಸಿ, ಮಧ್ಯಾಹ್ನ. ನೆಲದ ಮೇಲೆ ಹಾಸಿದ ಬಿಳಿ ಪಂಚೆಯ ತುಂಬ ಸಂಡಿಗೆ. ಪಂಚೆಯ ಆಚೆ ತುದಿ ಅಜ್ಜಿಯ ಪಾದದಡಿ ಇದೆ. ಅಜ್ಜಿ ಗೋಡೆಗೊರಗಿ ಕೂತಿದ್ದಾಳೆ, ಕಣ್ಣು ಮುಚ್ಚಿದೆ, ತೊಡೆಯ ಮೇಲೆ ಕೋಲು.
>
> ಮೆಟ್ಟಿಲ ಬಾಗಿಲಿಂದ ಪುಟ್ಟನ ತಲೆ ಮಾತ್ರ ಹೊರಬರುತ್ತದೆ. ಸಂಡಿಗೆ ನೋಡುತ್ತಾನೆ. ಅಜ್ಜಿಯನ್ನು ನೋಡುತ್ತಾನೆ. ಮತ್ತೆ ಸಂಡಿಗೆ. ಎಂಜಲು ನುಂಗುತ್ತಾನೆ.
>
> ಹೊಟ್ಟೆಯ ಮೇಲೆ ತೆವಳಿ ಪಂಚೆಯ ಈಚೆ ತುದಿಗೆ ಬರುತ್ತಾನೆ. ಎಡಗೈ ಚಾಚುತ್ತಾನೆ. ಅಜ್ಜಿಯ ತಲೆ ತೂಗಿ ಎದೆಗೆ ವಾಲುತ್ತದೆ. ಚಾಚಿದ ಕೈ ಹಾಗೇ ನಿಲ್ಲುತ್ತದೆ.
>
> ಗೊರಕೆ. ಪುಟ್ಟ ಒಂದು ಸಂಡಿಗೆ ಹಿಡಿದು ಎಳೆಯುತ್ತಾನೆ. ಹಸಿ ಇದೆ, ಅಂಟಿಕೊಂಡಿದೆ. ಸಂಡಿಗೆಯ ಜೊತೆ ಪಂಚೆಯೂ ಎದ್ದು ಬರುತ್ತದೆ. ಅಜ್ಜಿಯ ಪಾದ ಸರಿಯುತ್ತದೆ. ಒಂದು ಕಣ್ಣು ತೆರೆಯುತ್ತದೆ.

ಹೆಚ್ಚುಕಡಿಮೆ ಒಂದೊಂದು ವಾಕ್ಯಕ್ಕೂ ಒಂದು ಭಂಗಿ ಸಿಗುತ್ತೆ ನೋಡಿ. ಪಂಚೆ ಪಾದದಡಿ ಇದೆ ಅನ್ನೋದನ್ನು ಮೊದಲೇ ಹೇಳದಿದ್ದರೆ, ಲೇಔಟ್ ಮಾಡುವವರು ಅಜ್ಜಿಯನ್ನು ದೂರದ ಕುರ್ಚಿಯಲ್ಲಿ ಕೂರಿಸಿರುತ್ತಾರೆ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಹಿನ್ನೆಲೆಯನ್ನೇ ಮತ್ತೆ ಬಿಡಿಸಬೇಕಾಗುತ್ತೆ. ಕೈ ಹಾಗೇ ನಿಲ್ಲುವುದನ್ನೂ ಬಿಡಬೇಡಿ. ಆ ತಡೆ ಇಲ್ಲದಿದ್ದರೆ ನೋಡುವವರಿಗೆ ಪುಟ್ಟನ ಭಯ ತಲುಪೋದೇ ಇಲ್ಲ.

"ನಿಧಾನವಾಗಿ ತೆವಳುತ್ತಾನೆ" ಅಂತಲೂ ಬರೀಬೇಡಿ, ಸೆಕೆಂಡು ಹೇಳಿ. ಸೆಕೆಂಡಿಗೆ 24 ಫ್ರೇಮ್, ಎರಡು ಫ್ರೇಮಿಗೆ ಒಂದು ಚಿತ್ರ ಅಂದರೂ 12 ಚಿತ್ರ ಆಯ್ತು. ನಿಮ್ಮ "ನಿಧಾನ" 3 ಸೆಕೆಂಡಾದರೆ 36 ಚಿತ್ರ, 8 ಸೆಕೆಂಡಾದರೆ 96. ಮನೆಯಲ್ಲಿ ನೆಲದ ಮೇಲೆ ನೀವೇ ತೆವಳಿ, ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ ಅಳೆಯಿರಿ.

ಟಿವಿ ಸರಣಿಯಲ್ಲಿ ಕೆಲಸ ಮಾಡುವವರು: ಸೆಕೆಂಡಿನ ವಿಷಯ ಒಪ್ಪಲ್ಲ ಸರ್. ಅದು ಸ್ಟೋರಿಬೋರ್ಡ್ ಚಿತ್ರಗಳನ್ನು ಸಮಯಕ್ಕೆ ಜೋಡಿಸಿ ಆನಿಮ್ಯಾಟಿಕ್ ಕೂರಿಸುವಾಗ ನಿರ್ದೇಶಕರು ತೀರ್ಮಾನಿಸೋದು. ಲೇಖಕರು ಬರೆದ ಅಂಕಿಗೆ ಜೋತುಬಿದ್ದರೆ ದೃಶ್ಯ ಉಸಿರಾಡಲ್ಲ. ಇನ್ನೊಂದು, ನಮ್ಮ ಹಾಗೆ ಪ್ರತಿ ಚಿತ್ರ ಕೈಯಲ್ಲಿ ಬಿಡಿಸದೆ, ಕಂಪ್ಯೂಟರಿನಲ್ಲಿ ಕೀಲು ಜೋಡಿಸಿದ ಗೊಂಬೆ, ಅಂದರೆ ರಿಗ್ ಇಟ್ಟುಕೊಂಡು ಮಾಡುವವರಿಗೆ ಹೊಟ್ಟೆಯ ಮೇಲೆ ತೆವಳೋದು ದುಬಾರಿ. ನಿಂತು ನಡೆಯೋಕೆ ಕಟ್ಟಿದ ಗೊಂಬೆ ಮಲಗಿದರೆ ಕೈಕಾಲಿನ ಕೀಲುಗಳೆಲ್ಲ ಹರಿದಂತೆ ಕಾಣುತ್ತೆ, ಆ ಭಂಗಿಗೆ ಬೇರೆ ಚಿತ್ರವೇ ಬೇಕು. ತುದಿಗಾಲಲ್ಲಿ ಬಂದರೂ ಕಥೆ ನಡೆಯುತ್ತೆ. ಬರೆಯೋ ಮೊದಲು ಅವರು ಯಾವ ವಿಧಾನದಲ್ಲಿ ಮಾಡ್ತಾರೆ ಅಂತ ಕೇಳಿಬಿಡಿ.

2ಡಿ ಆನಿಮೇಟರ್: ರಿಗ್ ಮಾತು ಸರಿ. ಪಂಚೆ ಏಳೋದಂತೂ ಎರಡೂ ವಿಧಾನದಲ್ಲಿ ಹೆಚ್ಚಾಗಿ ಕೈಯಿಂದಲೇ ಬಿಡಿಸಬೇಕಾಗುತ್ತೆ, ಆದರೆ ಇಡೀ ದೃಶ್ಯದ ಗಮ್ಮತ್ತು ಅಲ್ಲೇ ಇದೆ, ಖರ್ಚು ಅಲ್ಲಿಗೇ ಹೋಗಲಿ. ಸೆಕೆಂಡಿನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಅಂಕಿ ಇದ್ದರೆ ಬದಲಾಯಿಸಬಹುದು, ಇಲ್ಲದಿದ್ದರೆ ಊಹೆ ಮಾಡಬೇಕು.

ಇನ್ನೊಬ್ಬ ಸದಸ್ಯೆ: ನನ್ನದೂ ಇದೇ ತೊಂದರೆ. ಪಾತ್ರ ಮಾತಾಡುವಾಗ ತುಟಿ ಹೊಂದುತ್ತಿಲ್ಲ. ಚಿತ್ರ ಮುಗಿದ ಮೇಲೆ ಅಣ್ಣನ ಹತ್ತಿರ ಧ್ವನಿ ಕೊಡಿಸಿದೆ.

2ಡಿ ಆನಿಮೇಟರ್: ಅದು ಬೇರೆ ತೊಂದರೆ ಮೇಡಂ. ಧ್ವನಿ ಮೊದಲು ರೆಕಾರ್ಡ್ ಮಾಡಿಸಿ, ಅದನ್ನು ಕೇಳುತ್ತಾ ಬಾಯಿ ಬಿಡಿಸಬೇಕು.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರವಾಯ್ತು. ಕೈ ಚಾಚುವ ಮೊದಲು "ಹೋದ ವರ್ಷ ಸಿಕ್ಕಿಬಿದ್ದದ್ದು ಪುಟ್ಟನಿಗೆ ನೆನಪಾಗುತ್ತದೆ" ಅಂತ ಒಂದು ಸಾಲು ಸೇರಿಸಬೇಕು ಅಂತಿದ್ದೆ. ಅದನ್ನು ಹೇಗೆ ಬರೆಯೋದು?

2ಡಿ ಆನಿಮೇಟರ್: ನೆನಪನ್ನು ಬಿಡಿಸೋಕಾಗಲ್ಲ. "ಕೋಲಿನ ಮೇಲೆ ಕಣ್ಣು ಬೀಳುತ್ತದೆ. ಕೈ ತಾನಾಗಿ ಕಿವಿಗೆ ಹೋಗಿ ಉಜ್ಜಿಕೊಳ್ಳುತ್ತದೆ" ಅಂತ ಬರೆಯಿರಿ. ಹಿಂದೊಮ್ಮೆ ಕಿವಿ ಹಿಂಡಿಸಿಕೊಂಡವನು ಅಂತ ತಿಳಿಯುತ್ತೆ. ಹೋದ ವರ್ಷ ಅನ್ನೋದು ತಿಳಿಯಲ್ಲ. ಅದು ಬೇಕೇ ಬೇಕಾದರೆ ಅಜ್ಜಿಯ ಬಾಯಲ್ಲಿ ಹೇಳಿಸಿ. ಮತ್ತೆ, ಎಡಗೈ ಸಂಡಿಗೆಗೆ ಹೋಗುತ್ತೆ ಅಂತ ಬರೆದಾಗಿದೆ. ಕಿವಿಗೆ ಹೋಗೋದು ಬಲಗೈ ಅಂತ ಸ್ಪಷ್ಟವಾಗಿ ಹಾಕಿ.