ಸಹಾಯ ಬೇಕು: ಹೃಷಿಕಾಗೆ ಮನೆಯಲ್ಲಿ ಕರೆಯಲು ಒಂದು ಮುದ್ದು ಹೆಸರು

ಮಗುವಿಗೆ ಒಂದೂವರೆ ವರ್ಷ. ಅಜ್ಜ-ಅಜ್ಜಿ ಮಂಡ್ಯ ಕಡೆಯವರು, ಮಾತಿನಲ್ಲಿ ‘ಹ’ ಬಿದ್ದುಹೋಗುತ್ತದೆ, ‘ಷ’ ಬಂದರೆ ‘ಸ’ ಆಗುತ್ತದೆ. ಹಾಲು ಆಲಾದ ಹಾಗೆ ಹೃಷಿಕಾ ಹೋಗಿ ‘ರುಸಿಕಾ’. ‘ಹೃಷಿ’ ಅಂತ ಚಿಕ್ಕದು ಮಾಡೋಣವೆಂದರೆ ನಾಳೆ ಶಾಲೆಯಲ್ಲಿ ಯಾರಾದರೂ ‘ಹುಸಿ’ ಅಂತ ಛೇಡಿಸುವುದು ಖಂಡಿತ.

ಹಾಗಾಗಿ ಮಹಾಪ್ರಾಣ, ವಿಜಾತೀಯ ಒತ್ತಕ್ಷರದ ಗೋಜಲು, ಹ, ಶ, ಷ ಬೇಡ. ಮ, ಪ, ಬ, ನ ಇರುವ ಎರಡಕ್ಷರದ ಹೆಸರಾದರೆ ಮಗುವಿಗೂ ಬೇಗ ಬಾಯಿಗೆ ಬರುತ್ತದೆ. ಕೊನೆಯಲ್ಲಿ ಸ್ವರ ಇರಲೇಬೇಕು. ‘ರಿಷ್’ ಅಂದರೆ ಅಜ್ಜಿ ‘ರಿಸು’ ಅಂತಲೇ ಕರೆಯುವುದು. ಹಿತ್ತಲಿನಿಂದ ಕೂಗುವಾಗ ಎಳೆಯೋದೂ ಆ ಕೊನೆಯ ಸ್ವರವನ್ನೇ: ‘ಅಮ್ಮೂ...’

ಗುಂಡಿ, ಡುಮ್ಮಿ, ಕರಿ, ಕುಳ್ಳಿ ಬೇಡವೇ ಬೇಡ. ಈಗ ಮುದ್ದು, ಹತ್ತು ವರ್ಷಕ್ಕೆ ಅದೇ ಅವಮಾನ. ‘ಪಾಪು’ ತಮ್ಮನೋ ತಂಗಿಯೋ ಹುಟ್ಟಿದ ದಿನ ಕೈ ತಪ್ಪುತ್ತದೆ. ‘ಪುಟ್ಟಿ’ ಚೆನ್ನಾಗಿದೆ, ಆದರೆ ಗೋಡೆಗೆ ಬಳಿಯುವ ಪುಟ್ಟಿ ನೆನಪಾಗದ ಮಕ್ಕಳು ಈಗ ಎಲ್ಲಿದ್ದಾರೆ?

ಸದ್ಯ ಉಳಿದಿರುವುದು ಅಮ್ಮು, ಚಿನ್ನಿ, ಮಿನ್ನಿ. ಅಮ್ಮು ಸಲೀಸು, ಆದರೆ ಮದುವೆ ಮನೆಯಲ್ಲಿ ಕೂಗಿದರೆ ನಾಲ್ಕು ಅಮ್ಮುಗಳು ತಿರುಗಿ ನೋಡುತ್ತವೆ. ‘ಚಿನ್ನಿ’ ಅಂದರೆ ದಾಂಡು ಎಲ್ಲಿ ಅನ್ನುತ್ತಾರೆ.

ಹೆಸರು ಸೂಚಿಸುವ ಮೊದಲು ಮನೆಯ ಹಿರಿಯರೊಬ್ಬರಿಂದ ಮೂರು ಸಲ ಜೋರಾಗಿ ಕೂಗಿಸಿ ನೋಡಿ. ಮೂರನೇ ಸಲಕ್ಕೆ ಏನಾಗಿ ಹೊರಬಂತೋ ಅದನ್ನೇ ಬರೆಯಿರಿ. ನಿಮ್ಮ ಕಡೆ ಅದಕ್ಕೆ ಬೇರೆ ಅರ್ಥವಿದ್ದರೆ ಅದನ್ನೂ ತಿಳಿಸಿ.